ಹೆಸರು ಹೇಳಬಾರದ ಏಳು ವರ್ಷ

ಮರಾಠಿ ಸೀಮೆಯ ಐಟಿ ಬಡಾವಣೆ ಹಿಂಜವಾಡಿಯ ನಮ್ಮ ಆಫೀಸಿನ ಮೂರನೇ ಮಹಡಿಯ ಕೊನೆಯಲ್ಲಿ ಒಂದು ಹಾಲ್ ಇತ್ತು. ಅದರ ಬಾಗಿಲು ನಮ್ಮ ಮೂವತ್ತು ಚಿಲ್ಲರೆ ಜನರ ಕಾರ್ಡಿಗೆ ಬಿಟ್ಟರೆ ಬೇರೆ ಯಾರ ಕಾರ್ಡಿಗೂ ತೆರೆಯುತ್ತಿರಲಿಲ್ಲ. ಮೊಬೈಲನ್ನು ಹೊರಗಿನ ಲಾಕರಿನಲ್ಲಿ ಇಟ್ಟು ಒಳಗೆ ಹೋಗಬೇಕು. ಒಳಗೆ ಏನು ಮಾಡುತ್ತೀರಿ ಎಂದು ಪಕ್ಕದ ಹಾಲಿನವರು ಕೇಳಿದರೆ, 'ಮೆಡಿಕಲ್ ಪ್ರಾಜೆಕ್ಟ್' ಎಂದು ಹೇಳಿ ಮಾತು ಬದಲಿಸುತ್ತಿದ್ದೆವು. ಮನೆಯಲ್ಲಿ ನನ್ನ ಗಂಡನಿಗೂ ಅಷ್ಟೇ ಗೊತ್ತಿತ್ತು.

ಸೇರಿದ ಮೊದಲ ದಿನ ನಾವೆಲ್ಲ ಒಂದು ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದೆವು. ಗಿರಾಕಿ ಕಂಪನಿಯ ಹೆಸರು, ಅವರು ಮಾಡುತ್ತಿರುವ ವಸ್ತು, ಅದು ಯಾವಾಗ ಮಾರುಕಟ್ಟೆಗೆ ಬರುತ್ತದೆ ಎಂಬುದು, ಇವುಗಳಲ್ಲಿ ಯಾವುದನ್ನೂ ಎಲ್ಲೂ ಹೇಳಬಾರದು. ಹೆಸರನ್ನಷ್ಟೇ ಅಲ್ಲ, ಅವರು ಯಾರೆಂದು ಊಹಿಸಲು ದಾರಿಯಾಗುವ ವಿವರವನ್ನೂ ಹೇಳಬಾರದು. ಪ್ರಾಜೆಕ್ಟ್ ಮುಗಿದರೂ, ನಾವು ಕೆಲಸ ಬಿಟ್ಟರೂ ಕರಾರು ಮುಗಿಯುವುದಿಲ್ಲ ಎಂದು ಕೊನೆಯ ಪುಟದಲ್ಲಿತ್ತು. ಕೊನೆಯ ಪುಟವನ್ನು ಓದಿ ಸಹಿ ಹಾಕಿದವರು ಆ ದಿನ ಯಾರೂ ಇರಲಿಲ್ಲ ಎಂದುಕೊಂಡಿದ್ದೇನೆ. ನಾನಂತೂ ಓದಲಿಲ್ಲ.

ಅಲ್ಲಿ ನನ್ನ ಪಕ್ಕದ ಕುರ್ಚಿಯವರನ್ನು ಎಲ್ಲರೂ 'ಮಾಸ್ತರ್' ಎಂದು ಕರೆಯುತ್ತಿದ್ದರು. ಐಟಿಗೆ ಬರುವ ಮೊದಲು ವಿಜಯಪುರದ ಕಡೆ ಒಂದು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದವರು. ನನಗಿಂತ ಎರಡು ವರ್ಷ ಚಿಕ್ಕವರು. ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ನಾನು ಬಿಬವೇವಾಡಿಯಲ್ಲಿ ಕಂಪನಿ ಬಸ್ ಹತ್ತಿದರೆ ಅವರು ಕಾತ್ರಜದಲ್ಲಿ ಹತ್ತುತ್ತಿದ್ದರು. ಬೈಪಾಸಿನ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ. ಇಡೀ ಬಸ್ಸಿನಲ್ಲಿ ಮರಾಠಿ, ಹಿಂದಿ. ನಮ್ಮ ಸೀಟಿನಲ್ಲಿ ಮಾತ್ರ ಕನ್ನಡ. ಅವರ ಮಗಳ ಗಣಿತ, ನನ್ನ ಅತ್ತೆಯ ಮಂಡಿ ನೋವು, ಯಾವ ಅಂಗಡಿಯಲ್ಲಿ ಒಳ್ಳೆಯ ಜೋಳದ ಹಿಟ್ಟು ಸಿಗುತ್ತದೆ ಎಂಬುದು. ಕೆಲಸದ ಮಾತನ್ನು ಬಸ್ಸಿನಲ್ಲಿ ಆಡುವಂತಿರಲಿಲ್ಲ.

ಮಾಸ್ತರ್ ಪರೀಕ್ಷಕರು. ತಂತ್ರಾಂಶದ ತಪ್ಪು ಹುಡುಕುವುದು ಅವರ ಕೆಲಸ. ಬೇರೆಯವರು ಪಟ್ಟಿಯಲ್ಲಿದ್ದಷ್ಟನ್ನು ಪರೀಕ್ಷಿಸಿ ಏಳುತ್ತಿದ್ದರೆ ಇವರು 'ಇದನ್ನ ಕೈ ನಡುಗೋ ಮನಷ್ಯಾ ಒತ್ತಿದ್ರ ಏನ ಆಗ್ತದ?' ಎಂದು ಯೋಚಿಸುತ್ತ ಕುಳಿತಿರುತ್ತಿದ್ದರು. ಹಾಗೆ ಯೋಚಿಸಿಯೇ ಒಮ್ಮೆ ಒಂದು ದೊಡ್ಡ ತಪ್ಪು ಹಿಡಿದರು. ಅದು ಹಾಗೇ ಹೊರಗೆ ಹೋಗಿದ್ದರೆ ರೋಗಿಗಳಿಗೆ ತೊಂದರೆಯಾಗುತ್ತಿತ್ತು. ಗಿರಾಕಿ ಕಂಪನಿಯ ಕಡೆಯಿಂದ ಒಂದು ಮೆಚ್ಚುಗೆಯ ಮೇಲ್ ಬಂತು. ಅದನ್ನು ಆ ಹಾಲಿನ ಹೊರಗೆ ಯಾರಿಗೂ ತೋರಿಸುವಂತಿರಲಿಲ್ಲ.

ಏಳು ವರ್ಷದ ಮೇಲೆ ಒಂದು ಸೋಮವಾರ ನಮ್ಮನ್ನೆಲ್ಲ ಕರೆದು, ಗಿರಾಕಿ ಕಂಪನಿಯವರು ಈ ಕೆಲಸವನ್ನು ತಮ್ಮ ಸ್ವಂತ ಕೇಂದ್ರಕ್ಕೆ ಒಯ್ಯುತ್ತಿದ್ದಾರೆ, ತಿಂಗಳ ಕೊನೆಗೆ ಹಾಲ್ ಮುಚ್ಚುತ್ತದೆ ಎಂದರು. ನನ್ನನ್ನು ಕಂಪನಿಯ ಗುಣಮಟ್ಟ ವಿಭಾಗಕ್ಕೆ ಹಾಕಿದರು. ಮಾಸ್ತರ್ ಮತ್ತು ಉಳಿದ ಬಹಳಷ್ಟು ಜನ 'ಬೆಂಚ್' ಮೇಲೆ ಹೋದರು. ಬೆಂಚ್ ಎಂದರೆ ಕೈಯಲ್ಲಿ ಪ್ರಾಜೆಕ್ಟ್ ಇಲ್ಲದೆ ಕಾಯುವುದು. ಸಂಬಳ ಬರುತ್ತದೆ, ಆದರೆ ಅದಕ್ಕೂ ಇಂತಿಷ್ಟು ವಾರ ಎಂಬ ಲೆಕ್ಕವಿದೆ. ಅಷ್ಟರೊಳಗೆ ಕಂಪನಿಯ ಬೇರೆ ಯಾವುದಾದರೂ ಪ್ರಾಜೆಕ್ಟಿನವರು ಆರಿಸಿಕೊಳ್ಳಬೇಕು. ಇಲ್ಲದಿದ್ದರೆ ರಾಜೀನಾಮೆ ಕೇಳುತ್ತಾರೆ.

ಆರಿಸುವವರು ಮೊದಲು ನೋಡುವುದು ನಮ್ಮ ಅನುಭವದ ಹಾಳೆ. ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಪ್ರಾಜೆಕ್ಟ್, ಏನು ಮಾಡಿದಿರಿ. ಕಂಪನಿಯ ಒಳಗಿನದೇ ಹಾಳೆಯಾದರೂ ಅಲ್ಲಿ ಗಿರಾಕಿಯ ಹೆಸರು ಬರೆಯುವಂತಿಲ್ಲ, ಏಕೆಂದರೆ ಅದೇ ಹಾಳೆಯನ್ನು ನಾಳೆ ಬೇರೆ ಗಿರಾಕಿಗೆ ಕಳಿಸುತ್ತಾರೆ. ಆ ಗಿರಾಕಿ ಮೊದಲಿನವರ ಪ್ರತಿಸ್ಪರ್ಧಿಯೇ ಆಗಿರಬಹುದು. ಮಾಸ್ತರ್ ಏಳು ವರ್ಷಕ್ಕೆ ಎರಡು ಸಾಲು ಬರೆದಿದ್ದರು: 'ಒಬ್ಬ ಗಿರಾಕಿಗಾಗಿ ಕೆಲಸ ಮಾಡಿದ್ದೇನೆ. ತಂತ್ರಾಂಶ ಪರೀಕ್ಷೆ ಮಾಡಿದ್ದೇನೆ.'

ಮೂರು ಇಂಟರ್‌ವ್ಯೂಗಳಲ್ಲಿ ಅವರನ್ನು ಕೈಬಿಟ್ಟರು. ಮೂರನೆಯದು ಮುಗಿದ ದಿನ ಕ್ಯಾಂಟೀನಿನಲ್ಲಿ ನನ್ನೆದುರು ಬಂದು ಕುಳಿತರು.

"ಅಕ್ಕಾರ, ಗಿರಾಕಿ ಯಾರು ಅಂತ ಕೇಳಿದ್ರು. ಹೇಳಾಕ ಬರಂಗಿಲ್ಲ ಅಂದ್ನಿ. ಏನ ತಯಾರ ಮಾಡ್ತಿದ್ರಿ ಅಂದ್ರು. ಅದನ್ನೂ ಹೇಳಾಕ ಬರಂಗಿಲ್ಲ ಅಂದ್ನಿ. ಆ ಮನಷ್ಯಾ ನಕ್ಕು ಮರಾಠಿಯಾಗ 'ಸಗಳೇ ಅಸಂಚ ಸಾಂಗ್ತಾತ' ಅಂದ."

ಎಲ್ಲರೂ ಹಾಗೇ ಹೇಳುತ್ತಾರೆ ಎಂದು ಅದರ ಅರ್ಥ. ಸುಳ್ಳು ಅನುಭವ ತೋರಿಸುವವರು ನಮ್ಮ ಐಟಿಯಲ್ಲಿ ಕಡಿಮೆ ಇಲ್ಲ. ಅವರೂ ಕೇಳಿದರೆ ಗೋಪ್ಯತೆಯ ಕರಾರು ಇದೆ ಎನ್ನುತ್ತಾರೆ. ಆ ಇಂಟರ್‌ವ್ಯೂ ಮಾಡಿದವನ ತಪ್ಪು ಎನ್ನಲಾರೆ.

"ನನಗ ಸುಳ್ಳ ಅನಕೊಂಡ್ರು ಅಕ್ಕಾರ," ಎಂದರು. ಊಟದ ತಟ್ಟೆ ಮುಟ್ಟಲಿಲ್ಲ.

ನಾನು ಹಾಲಿನಲ್ಲಿ ಚೆನ್ನಾಗಿ ಇಂಗ್ಲಿಷ್ ಬರೆಯುವವಳು ಎಂದು ಹೆಸರಾಗಿದ್ದೆ. ವರದಿಗಳನ್ನೆಲ್ಲ ನನ್ನ ಕೈಯಲ್ಲೇ ಬರೆಸುತ್ತಿದ್ದರು. ಆ ಹೆಮ್ಮೆ ನನಗಿತ್ತು. "ಹೆಸರು ಬ್ಯಾಡ್ರಿ ಮಾಸ್ತರ್ರ. ಹೆಸರಿಲ್ಲದನೂ ಬರೀಬಹುದು. ನಾ ಬರದ ಕೊಡ್ತೀನಿ ತಗೋರಿ," ಎಂದೆ.

ಮರುದಿನ ಇಬ್ಬರೂ ಕುಳಿತು ಬರೆದೆವು. ಕಂಪನಿಯ ಹೆಸರಿನ ಜಾಗದಲ್ಲಿ ಗಿರಾಕಿಯದಲ್ಲ, ನಮ್ಮದೇ ಕಂಪನಿಯ ಹೆಸರು; ಸಂಬಳ ಕೊಟ್ಟವರು ಅವರೇ ತಾನೆ, ಅದರಲ್ಲಿ ಮುಚ್ಚಿಡುವುದೇನಿಲ್ಲ. ಗಿರಾಕಿಯ ಜಾಗದಲ್ಲಿ 'ಆರೋಗ್ಯ ಕ್ಷೇತ್ರದ ಒಂದು ಅಂತರರಾಷ್ಟ್ರೀಯ ಕಂಪನಿ, ಹೆಸರು ಗೋಪ್ಯ'. ಆಮೇಲೆ ಮಾಸ್ತರ್ ಸ್ವತಃ ಮಾಡಿದ್ದು: ಐದು ಜನರ ಪರೀಕ್ಷಾ ತಂಡಕ್ಕೆ ದಾರಿ ತೋರಿಸಿದ್ದು, ಕೈಯಿಂದ ಮಾಡುತ್ತಿದ್ದ ಪರೀಕ್ಷೆಗಳನ್ನು ಯಂತ್ರದಿಂದ ಮಾಡಿಸಿದ್ದು, ಅದರಿಂದ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ದಿನಗಳಲ್ಲಿ ಮುಗಿದದ್ದು, ಸುರಕ್ಷತೆಯ ಒಂದು ಗಂಭೀರ ದೋಷವನ್ನು ಬಿಡುಗಡೆಗೆ ಮೊದಲೇ ಹಿಡಿದದ್ದು. ಗಿರಾಕಿಯ ಬಗ್ಗೆ ಏನೂ ಇಲ್ಲ, ಕೆಲಸದ ಬಗ್ಗೆ ಎಲ್ಲ ಇದೆ. ಅಲ್ಲಿಗೇ ನಿಲ್ಲಿಸಬೇಕಿತ್ತು.

ಮಾಸ್ತರ್ ಅದನ್ನು ಎರಡು ಸಲ ಓದಿದರು. "ಚಲೋ ಅದರಿ. ಆದ್ರ ಇದನ್ನ ಯಾರು ಬೇಕಾದ್ರೂ ಬರೀಬಹುದಲ್ರಿ?" ಎಂದರು. ದೂರಿನ ದನಿ ಇರಲಿಲ್ಲ. ನನಗೆ ಮಾತ್ರ ಚುಚ್ಚಿತು. ನಾನು ಬರೆದದ್ದು ಯಾರದೋ ಹಾಳೆಯಂತಿದೆ ಎಂದರೆ ಹೇಗೆ? ಕೀಬೋರ್ಡ್ ನನ್ನ ಕಡೆ ಎಳೆದುಕೊಂಡು ಮೇಲೆ ಒಂದು ವಾಕ್ಯ ಸೇರಿಸಿದೆ.

ಆ ವಾಕ್ಯವನ್ನು ಇದ್ದ ಹಾಗೆ ಇಲ್ಲಿ ಬರೆಯಲಾರೆ. ಕರಾರು ನನ್ನ ಮೇಲೆ ಇನ್ನೂ ಇದೆ. ವಿವರ ಬದಲಿಸಿ ಹೇಳುವುದಾದರೆ ಅದು ಹೀಗಿತ್ತು: 'ಯುರೋಪಿನ ಒಂದು ಪುಟ್ಟ ದೇಶದ ತುಂಬ ಹಳೆಯ ಕಂಪನಿಯೊಂದು ತರುತ್ತಿರುವ, ರೋಗಿ ಡಾಕ್ಟರರ ಹತ್ತಿರ ಹೋಗದೆ ತನ್ನ ಮೈಮೇಲಿನ ಸಾಧನವನ್ನು ಮನೆಯಲ್ಲೇ ಸರಿಪಡಿಸಿಕೊಳ್ಳಬಹುದಾದ ಮೊದಲ ತಂತ್ರಾಂಶ.'

ಮಾಸ್ತರರ ಮುಖ ಅರಳಿತು. ಕೂಡಲೇ ಹೆದರಿದರು. "ನಡೀತದ ಏನ್ರಿ ಇದು?"

"ಹೆಸರು ಎಲ್ಲಿ ಅದ ತೋರಸ್ರಿ ನೋಡೂಣು," ಎಂದೆ.

"ಹಂಗಲ್ರಿ. ಲೀಗಲ್‌ನವ್ರಿಗೆ ಒಂದು ಮೇಲ್ ಹಾಕಿ ಕೇಳಲೇನು?"

ಕಂಪನಿಯ ಕಾನೂನು ವಿಭಾಗವನ್ನು ಹಾಗೆ ಕೇಳುವುದೇ ಸರಿಯಾದ ದಾರಿ. ಹೀಗೆ ಬರೆಯಬಹುದೇ ಎಂದು ಬರಹದಲ್ಲಿ ಕೇಳಿ, ಒಪ್ಪಿಗೆಯನ್ನೂ ಬರಹದಲ್ಲೇ ಪಡೆಯುವುದು. ನನಗೆ ಗೊತ್ತಿತ್ತು. ಆದರೆ ಅವರ ಉತ್ತರ ಬರಲು ಮೂರು ನಾಲ್ಕು ವಾರ, ಬೆಂಚಿನಲ್ಲಿ ಮಾಸ್ತರರಿಗೆ ಉಳಿದಿದ್ದ ದಿನಗಳು ಅದಕ್ಕಿಂತ ಸ್ವಲ್ಪವೇ ಹೆಚ್ಚು. "ಕೇಳಿದ್ರ ಬ್ಯಾಡ ಅಂತಾರ. ಅವ್ರ ಕೆಲಸಾನ ಅದು. ಹಾಕ್ರಿ ನೀವು," ಎಂದೆ. ಹೊರಗಿನ ಉದ್ಯೋಗದ ಜಾಲತಾಣದಲ್ಲೂ ಹಾಕಿ ಎಂದು ಹೇಳಿದವಳೂ ನಾನೇ.

ಹತ್ತು ದಿನದೊಳಗೆ ಹೊರಗಿನ ಒಂದು ಕಂಪನಿಯಿಂದ ಕರೆ ಬಂತು. ಇಂಟರ್‌ವ್ಯೂನಲ್ಲಿ ಗಿರಾಕಿ ಯಾರೆಂದು ಅವರು ಕೇಳಲೇ ಇಲ್ಲವಂತೆ. 'ಹೆಸರು ಬಿಡಿ, ಆ ದೋಷ ಹೇಗೆ ಹಿಡಿದಿರಿ ಹೇಳಿ' ಎಂದರಂತೆ. ಮಾಸ್ತರ್ ಬೋರ್ಡಿನ ಮುಂದೆ ನಿಂತು ಮುಕ್ಕಾಲು ಗಂಟೆ ಪಾಠ ಹೇಳಿ ಬಂದಿದ್ದರು. ಆ ದೋಷದ ಕಥೆ ನಾನು ಸೇರಿಸಿದ ವಾಕ್ಯದಲ್ಲಿ ಇರಲಿಲ್ಲ, ಅದಕ್ಕೆ ಮೊದಲಿನ ಸಾಲುಗಳಲ್ಲೇ ಇತ್ತು ಎಂಬುದು ನನಗೆ ಆಗ ಹೊಳೆಯಲಿಲ್ಲ. ಈಗ ದಿನಕ್ಕೊಮ್ಮೆ ಹೊಳೆಯುತ್ತದೆ. ಅವರಿಗೆ ಆಫರ್ ಬಂತು. ರಾಜೀನಾಮೆ ಕೊಟ್ಟು ನೋಟಿಸ್ ಅವಧಿಗೆ ಬಂದರು. ಹೆಂಡತಿ ಮಾಡಿದ ಶೇಂಗಾ ಹೋಳಿಗೆಯನ್ನು ಬಸ್ಸಿನ ತುಂಬ ಹಂಚಿದರು. ಡ್ರೈವರಿಗೆ ಎರಡು.

ಅದೇ ವಾರ ಗಿರಾಕಿ ಕಂಪನಿಯವರು ತಮ್ಮ ಹೊಸ ಕೇಂದ್ರಕ್ಕೆ ಪರೀಕ್ಷಕರನ್ನು ಹುಡುಕುತ್ತಿದ್ದರು. ಉದ್ಯೋಗದ ಜಾಲತಾಣದಲ್ಲಿ ತಮ್ಮ ಕ್ಷೇತ್ರದ ಪದಗಳನ್ನು ಹಾಕಿ ಹುಡುಕಿದ ಅವರ ಕಡೆಯವರೊಬ್ಬರ ಕಣ್ಣಿಗೆ ಮಾಸ್ತರರ ಹಾಳೆ ಬಿತ್ತು. ಆ ತಂತ್ರಾಂಶಕ್ಕೆ ಅಲ್ಲಿನ ಸರಕಾರದ ಅನುಮತಿ ಇನ್ನೂ ಬಂದಿರಲಿಲ್ಲ. ಹೀಗೊಂದು ಬರುತ್ತಿದೆ ಎಂಬುದೇ ಹೊರಗೆ ಯಾರಿಗೂ ತಿಳಿದಿರಲಿಲ್ಲ. ಅಂಥ ಸಾಧನ ಮಾಡುವ ಹಳೆಯ ಕಂಪನಿಗಳು ಜಗತ್ತಿನಲ್ಲಿ ನಾಲ್ಕೈದು. ಪುಟ್ಟ ದೇಶದ್ದು ಎಂದರೆ ಒಂದೇ. ದೇಶ, ಸಾಧನ, ಹೊಸದೇನು ಎಂಬ ಮೂರರಲ್ಲಿ ಯಾವುದೊಂದನ್ನು ಬಿಟ್ಟಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೋ. ಮೂರನ್ನೂ ಒಂದೇ ವಾಕ್ಯದಲ್ಲಿ ಜೋಡಿಸಿದರೆ ಹೆಸರು ಬರೆದಂತೆಯೇ. ನಾನು ಜೋಡಿಸಿದ್ದೆ, ಅಂದವಾಗಿ.

ಅವರ ವಕೀಲರ ಪತ್ರ ನಮ್ಮ ಕಂಪನಿಗೆ ಬಂತು. ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಮಾಸ್ತರರನ್ನು ಎಚ್‌ಆರ್ ಕೋಣೆಗೆ ಕರೆದರು. ಗಾಜಿನ ಗೋಡೆಯ ಕೋಣೆ. ನನ್ನ ಹೊಸ ಸೀಟಿನಿಂದ ಅವರ ಬೆನ್ನು ಕಾಣುತ್ತಿತ್ತು. ಎದುರಿಗೆ ಎಚ್‌ಆರ್‌ನವರು ಒಬ್ಬರು, ಲೀಗಲ್‌ನವರು ಒಬ್ಬರು. ಮಾಸ್ತರ್ ಒಂದು ಸಲ ಮಾತ್ರ ತಲೆಯೆತ್ತಿ ಏನೋ ಹೇಳಿದರು. ಹೊರಗೆ ಬಂದಾಗ ಲ್ಯಾಪ್‌ಟಾಪ್ ಇರಲಿಲ್ಲ. ಸೆಕ್ಯುರಿಟಿಯವನು ಜೊತೆಗೆ ಲಿಫ್ಟಿನವರೆಗೆ ಹೋದ. ನನ್ನ ಕಡೆ ನೋಡದೆ ಹೋದರು. ನೋಡಿದ್ದರೆ ಎದ್ದು ಹೋಗುತ್ತಿದ್ದೆ ಎಂದು ಆಮೇಲೆ ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಏಳುತ್ತಿರಲಿಲ್ಲ.

ಮಧ್ಯಾಹ್ನ ಲೀಗಲ್‌ನವರು ನಮ್ಮ ಹಳೆಯ ಹಾಲಿನವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಕೇಳಿದರು. ನನ್ನ ಸರದಿಯೂ ಬಂತು. ಅವರೇ ಮೊದಲು ಹೇಳಿದರು: "ಯಾರಾದರೂ ಬರೆದು ಕೊಟ್ಟರೇ ಎಂದು ಅವರನ್ನು ಕೇಳಿದೆವು. ಯಾರೂ ಇಲ್ಲ, ನಾನೇ ಬರೆದೆ ಎಂದರು. ನಿಮಗೇನಾದರೂ ಗೊತ್ತೇ?"

"ಗೊತ್ತಿಲ್ಲ," ಎಂದೆ. ಆ ಕೋಣೆಯಲ್ಲಿ ಎರಡು ನಿಮಿಷವೂ ಕೂರಲಿಲ್ಲ.

ರಾಜೀನಾಮೆ ಕೊಟ್ಟಿದ್ದರೂ ಕಂಪನಿ ಅದನ್ನು ಪಕ್ಕಕ್ಕಿಟ್ಟು, ಕರಾರು ಮುರಿದ ಕಾರಣಕ್ಕೆ ಕೆಲಸದಿಂದ ತೆಗೆದಿದ್ದೇವೆ ಎಂದು ಬರೆಯಿತು. ಹೊಸ ಕಂಪನಿಯವರು ಎಲ್ಲರ ವಿಷಯದಲ್ಲೂ ಮಾಡುವಂತೆ, ಹಳೆಯ ಕಂಪನಿಯನ್ನು ಕೇಳಿದರು: ಇಂಥವರು ಇಷ್ಟು ವರ್ಷ ಕೆಲಸ ಮಾಡಿದ್ದು ನಿಜವೇ, ಬಿಟ್ಟ ಕಾರಣವೇನು? ಉತ್ತರ ಹೋಯಿತು. ಆಫರ್ ವಾಪಸಾಯಿತು.

ನಾನು ಫೋನ್ ಮಾಡಿದೆ, ಎತ್ತಲಿಲ್ಲ. ಎಂಟು ದಿನದ ಮೇಲೆ ಅವರೇ ಮಾಡಿದರು. ಹೆಂಡತಿ, ಮಗಳೊಂದಿಗೆ ಹೆಂಡತಿಯ ತವರಿಗೆ ಹೊರಟಿದ್ದೇವೆ, ಮಧ್ಯಾಹ್ನ ಕಾತ್ರಜದಲ್ಲಿ ಬಸ್ ಎಂದರು. ಬರ್ರಿ ಎಂದು ಕರೆಯಲಿಲ್ಲ. ನಾನು ರಜೆ ಹಾಕಿ ಹೋದೆ.

ಹೆಂಡತಿ ಸಾಮಾನುಗಳ ಹತ್ತಿರ ನಿಂತಿದ್ದರು. ನನ್ನನ್ನು ನೋಡಿ, "ಆರಾಮ ಇದ್ದೀರೇನ್ರಿ ಅಕ್ಕಾರ?" ಎಂದು ಎಂದಿನಂತೆ ಕೇಳಿದರು. ಅವರಿಗೆ ಗೊತ್ತಿಲ್ಲ ಎಂದು ಆಗಲೇ ಅರ್ಥವಾಯಿತು. ಮಾಸ್ತರ್ ತಮ್ಮ ಹೆಂಡತಿಗೂ ನನ್ನ ಹೆಸರು ಹೇಳಿರಲಿಲ್ಲ.

ಅವರನ್ನು ಸ್ವಲ್ಪ ದೂರ ಕರೆದೆ. "ಮಾಸ್ತರ್ರ, ನಾ ನಾಳೆ ಹೋಗಿ ಹೇಳ್ತೀನ್ರಿ. ಆ ವಾಕ್ಯ ನಂದು ಅಂತ ಬರದ ಕೊಡ್ತೀನಿ."

"ಹೇಳಿ ಏನ ಆಗೂದದರಿ?" ಸತಾರಾ ರಸ್ತೆಯ ಲಾರಿಗಳ ಸದ್ದಿನಲ್ಲಿ ಅವರ ದನಿ ಸರಿಯಾಗಿ ಕೇಳುತ್ತಿರಲಿಲ್ಲ. "ಹಾಕಿದಾಂವ ನಾನ. ನನ್ನ ಹಾಳಿ, ನನ್ನ ಸಹಿ. ನೀವ ಹೇಳಿದ್ರ ನಿಮ್ಮದೂ ಹೋಗ್ತದ, ನಂದಂತೂ ಬರಂಗಿಲ್ಲ."

"ಹಂಗಂತ ಸುಮ್ನ ಇರಲೇನ್ರಿ?"

ಅವರು ಬಸ್ ಬರುವ ದಿಕ್ಕು ನೋಡುತ್ತ, "ಅಕ್ಕಾರ, ನೀವ ಬರದದ್ದು ಓದಿದ ದಿನಾ ಮನಿಗೆ ಹೋಗಿ ಮಗಳಿಗೆ ತೋರಿಸಿದ್ನಿ. ಏಳ ವರ್ಷ ಅಪ್ಪ ಏನ ಮಾಡ್ತಾನ ಅಂತ ಆಕಿಗೆ ಗೊತ್ತಿರಲಿಲ್ಲ. ಭಾಳ ಖುಷಿ ಆದ್ಳು," ಎಂದರು.

ಬೈದಿದ್ದರೆ ನಾನು ಇವತ್ತು ಬೇರೆ ರೀತಿ ಇರುತ್ತಿದ್ದೆನೇನೋ. ಬಸ್ ಬಂತು. ಸಾಮಾನು ಹತ್ತಿಸಲು ಕೈ ಹಾಕಿದೆ. "ಇರಲಿ ಬಿಡ್ರಿ," ಎಂದು ಅವರೇ ಎತ್ತಿದರು.

ನಾನು ಮರುದಿನ ಹೋಗಿ ಹೇಳಲಿಲ್ಲ. ಅದರ ಮರುದಿನವೂ ಹೇಳಲಿಲ್ಲ. ಅವರೇ ಬೇಡ ಎಂದರಲ್ಲ ಎಂಬ ಮಾತನ್ನು ಹಿಡಿದುಕೊಂಡೆ. ಮನೆಯಲ್ಲಿ ಸಾಲದ ಫ್ಲ್ಯಾಟು, ಅತ್ತೆಯ ಆಪರೇಷನ್ ಎಂದು ಕಾರಣಗಳನ್ನು ಕೂಡಿಸಿಕೊಂಡೆ. ಅವೆಲ್ಲ ನಿಜವೇ. ನಿಜವಾದ ಕಾರಣಗಳನ್ನು ಇಟ್ಟುಕೊಂಡೂ ಮನುಷ್ಯ ಹೇಡಿಯಾಗಬಹುದು.

ಏಳೆಂಟು ತಿಂಗಳ ಮೇಲೆ ಗಿರಾಕಿ ಕಂಪನಿ ತನ್ನ ಹೊಸ ತಂತ್ರಾಂಶವನ್ನು ಜಗತ್ತಿಗೆಲ್ಲ ಸಾರಿತು. ಅವರ ಜಾಲತಾಣದ ಮೊದಲ ಪುಟದಲ್ಲೇ ದೊಡ್ಡ ಅಕ್ಷರದ ಒಂದು ವಾಕ್ಯ: ಡಾಕ್ಟರರ ಹತ್ತಿರ ಹೋಗಬೇಕಿಲ್ಲ, ಮನೆಯಲ್ಲೇ ನೀವೇ ಮಾಡಿಕೊಳ್ಳಿ ಎಂಬ ಅರ್ಥದ್ದು. ಯಾರು ಬೇಕಾದರೂ ಓದಬಹುದು. ನಾನು ಅದನ್ನು ಆಫೀಸಿನಲ್ಲಿ ನನ್ನ ಸೀಟಿನಲ್ಲೇ ಓದಿದೆ. ಪಕ್ಕದವಳು ಏನಾಯಿತು ಎಂದು ಕೇಳಿದಾಗಲೇ ನಾನು ಅಳುತ್ತಿದ್ದೇನೆ ಎಂದು ನನಗೆ ತಿಳಿದದ್ದು.

ಅದಕ್ಕೂ ಮೊದಲೇ ಕಂಪನಿ ನನಗೆ ಒಂದು ಕೆಲಸ ಒಪ್ಪಿಸಿತ್ತು. ಗಿರಾಕಿಯ ಗುಟ್ಟು ಬಿಡದೆ ಅನುಭವದ ಹಾಳೆ ಬರೆಯುವುದು ಹೇಗೆ ಎಂದು ಎಲ್ಲರಿಗೂ ತರಬೇತಿ. ಗುಣಮಟ್ಟ ವಿಭಾಗ, ಒಳ್ಳೆಯ ಇಂಗ್ಲಿಷ್, ಆ ಹಾಲಿನ ಅನುಭವ ಎಂದು ಆರಿಸಿದ್ದರು. ಲೀಗಲ್‌ನವರು ಒಂದು ಉದಾಹರಣೆಯನ್ನೂ ಕಳಿಸಿದರು. ಮಾಸ್ತರರ ಹೆಸರು ತೆಗೆದು, ದೇಶದ ಮೇಲೆ ಕಪ್ಪು ಬಳಿದು, ನನ್ನ ವಾಕ್ಯ. ಮೇಲೆ 'ಹೀಗೆ ಬರೆಯಬೇಡಿ' ಎಂಬ ತಲೆಬರಹ.

ಮೊದಲ ತರಬೇತಿಯ ದಿನ ಆ ಪುಟ ಬಂದಾಗ ಹಿಂದಿನ ಸಾಲಿನಿಂದ ಒಬ್ಬ, "ಇಷ್ಟು ದಡ್ಡ ಯಾರು ಮೇಡಮ್?" ಎಂದು ಹಿಂದಿಯಲ್ಲಿ ಕೇಳಿದ. ಎಲ್ಲರೂ ನಕ್ಕರು. ಈಗ ಹೇಳಬಹುದು ಎಂದು ಒಂದು ಕ್ಷಣ ಅನ್ನಿಸಿತು. ಮೂವತ್ತು ಜನ, ಹಗಲು ಹೊತ್ತು, ಮೈಕ್ ಕೈಯಲ್ಲೇ ಇತ್ತು. ನಾನು ಮುಂದಿನ ಪುಟಕ್ಕೆ ಹೋದೆ.

ಈಗ ಮೂರು ತಿಂಗಳಿಗೊಮ್ಮೆ ಅದೇ ತರಬೇತಿ ಕೊಡುತ್ತೇನೆ. ಎಲ್ಲ ಸರಿಯಾಗಿಯೇ ಹೇಳುತ್ತೇನೆ. ಕ್ಷೇತ್ರವನ್ನು ಬರೆಯಿರಿ, ಹೆಸರು ಬೇಡ. ನಿಮ್ಮ ಪಾತ್ರ ಬರೆಯಿರಿ, ಅವರ ಯೋಜನೆ ಬೇಡ. ಫಲವನ್ನು ಹೇಳಿ, ಅವರ ಒಳಗಿನ ಅಂಕಿ ಬೇಡ. ಎರಡು ಮೂರು ನಿರಪಾಯದ ವಿವರ ಸೇರಿದರೆ ಒಂದು ಹೆಸರಾಗುತ್ತದೆಯೇ ನೋಡಿ. ಅನುಮಾನ ಬಂದರೆ ಬರಹದಲ್ಲಿ ಕೇಳಿ. ಜನ ಬರೆದುಕೊಳ್ಳುತ್ತಾರೆ.

ಹೋದ ತಿಂಗಳು ತರಬೇತಿ ಮುಗಿದ ಮೇಲೆ ಒಬ್ಬಳು ಉಳಿದಳು. ಬೆಂಚ್ ಮೇಲೆ ಇದ್ದವಳು, ಬೆಂಗಳೂರಿನ ಕಡೆಯ ಕನ್ನಡದವಳು. "ಮೇಡಮ್, ನನ್ ಪ್ರೊಫೈಲ್ ಒಂದ್ಸಲ ನೋಡ್ತೀರಾ? ಎಲ್ಲೂ ಶಾರ್ಟ್‌ಲಿಸ್ಟ್ ಆಗ್ತಿಲ್ಲ," ಎಂದು ಹಾಳೆ ಚಾಚಿದಳು.

ನಾನು ಕೈಗೆ ತೆಗೆದುಕೊಳ್ಳಲಿಲ್ಲ. "ನಿಯಮದ ಪುಟ ಕಳಿಸಿದೀನಲ್ಲ, ಅದನ್ನ ನೋಡಿ ನೀವೇ ಬರೀರಿ. ಆಮೇಲೆ ಲೀಗಲ್‌ಗೆ ಕಳಿಸ್ರಿ," ಎಂದೆ.

"ಅವರು ರಿಪ್ಲೈ ಮಾಡೋಕೆ ಒಂದು ತಿಂಗಳಾಗತ್ತೆ ಮೇಡಮ್. ನಂಗೆ ಇರೋದು ಹದಿನೈದು ದಿನ."

ಅದು ನನಗೆ ಗೊತ್ತಿತ್ತು. ನಿಯಮದ ಒಳಗೇ ನಿಂತು ಅವಳಿಗೆ ನಾಲ್ಕು ಒಳ್ಳೆಯ ಸಾಲು ಬರೆದುಕೊಡುವುದು ನನಗೆ ಕಷ್ಟವಿರಲಿಲ್ಲ. ಅರ್ಧ ಗಂಟೆಯ ಕೆಲಸ. ಪ್ರೊಜೆಕ್ಟರ್ ಆರಿಸಿ, ವೈರು ಸುತ್ತಿಟ್ಟು, ಇನ್ನೊಂದು ಮೀಟಿಂಗ್ ಇದೆ ಎಂದು ಸುಳ್ಳು ಹೇಳಿ ಹೊರಗೆ ಬಂದೆ. ಬಾಗಿಲು ಎಳೆದುಕೊಳ್ಳುವಾಗ ಅವಳು ತನ್ನ ಹಾಳೆಯನ್ನು ಮಡಚಿ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದಳು.